ಎರಡು ದಿನಾಂಕ, ಎರಡು ಮೊತ್ತ: ಕ್ರೆಡಿಟ್ ಕಾರ್ಡ್ ಬಿಲ್ಲಿನ ಒಳಲೆಕ್ಕ

ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ಎರಡು ದಿನಾಂಕಗಳೂ ಎರಡು ಮೊತ್ತಗಳೂ ಇರುತ್ತವೆ. ದಿನಾಂಕಗಳಲ್ಲಿ ಮೊದಲನೆಯದು ಬಿಲ್ ತಯಾರಾದ ದಿನ, ಅಂದರೆ ಸ್ಟೇಟ್‌ಮೆಂಟ್ ಡೇಟ್. ಎರಡನೆಯದು ಹಣ ಕಟ್ಟಲು ಕೊನೆಯ ದಿನ, ಅಂದರೆ ಡ್ಯೂ ಡೇಟ್. ಮೊತ್ತಗಳಲ್ಲಿ ಒಂದು ಟೋಟಲ್ ಅಮೌಂಟ್ ಡ್ಯೂ, ಪೂರ್ತಿ ಬಾಕಿ. ಇನ್ನೊಂದು ಮಿನಿಮಮ್ ಅಮೌಂಟ್ ಡ್ಯೂ, ಕಟ್ಟಲೇಬೇಕಾದ ಕನಿಷ್ಠ ಮೊತ್ತ. ಬಡ್ಡಿ ಬೀಳುತ್ತದೆಯೋ ಇಲ್ಲವೋ, ಬಿದ್ದರೆ ಯಾವ ದಿನದಿಂದ, ಎಷ್ಟು ಎಂಬುದನ್ನು ಬಹುಪಾಲು ಈ ನಾಲ್ಕೇ ನಿರ್ಧರಿಸುತ್ತವೆ. ಇವು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂದು ಗೊತ್ತಿದ್ದವರಿಗೆ ಕಾರ್ಡ್ ತಿಂಗಳೊಪ್ಪತ್ತಿನ ಪುಕ್ಕಟೆ ಸಾಲ. ಗೊತ್ತಿಲ್ಲದವರಿಗೆ ಅದೇ ಕಾರ್ಡು ವರ್ಷಕ್ಕೆ ಶೇಕಡಾ 40ಕ್ಕೂ ಮೀರಿದ ಬಡ್ಡಿಯ ಸಾಲವಾಗಬಹುದು.

ಬಿಲ್ಲಿಂಗ್ ಸೈಕಲ್ ಮತ್ತು ಡ್ಯೂ ಡೇಟ್

ಒಂದು ಬಿಲ್ ತಯಾರಾದ ಮರುದಿನದಿಂದ ಮುಂದಿನ ಬಿಲ್ ತಯಾರಾಗುವ ದಿನದವರೆಗಿನ ಅವಧಿಗೆ ಬಿಲ್ಲಿಂಗ್ ಸೈಕಲ್ ಎನ್ನುತ್ತಾರೆ. ಇದು ಸುಮಾರು ಒಂದು ತಿಂಗಳಿರುತ್ತದೆ, ಆದರೆ ಕ್ಯಾಲೆಂಡರಿನ ತಿಂಗಳಿಗೆ ಹೊಂದಿಕೊಂಡಿರಬೇಕೆಂದಿಲ್ಲ. ಒಂದು ಕಾರ್ಡಿನ ಬಿಲ್ ಪ್ರತಿ ತಿಂಗಳ 5ರಂದು ತಯಾರಾಗುತ್ತದೆ ಎಂದುಕೊಳ್ಳೋಣ. ಆಗ ಜೂನ್ 6ರಿಂದ ಜುಲೈ 5ರವರೆಗಿನ ಖರ್ಚೆಲ್ಲ ಜುಲೈ 5ರ ಬಿಲ್ಲಿಗೆ ಸೇರುತ್ತದೆ. ಜುಲೈ 6ರ ಖರ್ಚು ಆಗಸ್ಟ್ 5ರ ಬಿಲ್ಲಿಗೆ ಹೋಗುತ್ತದೆ.

ಬಿಲ್ ತಯಾರಾದ ದಿನವೇ ಹಣ ಕಟ್ಟಬೇಕಿಲ್ಲ. ಬಡ್ಡಿ ಶುರುವಾಗುವ ಮುನ್ನ ಗ್ರಾಹಕರಿಗೆ ಕನಿಷ್ಠ ಹದಿನೈದು ದಿನಗಳ ಕಾಲಾವಕಾಶ ಸಿಗಬೇಕು ಎಂಬುದು ಭಾರತೀಯ ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ಕ್ರೆಡಿಟ್ ಕಾರ್ಡ್ ನಿರ್ದೇಶನಗಳಲ್ಲಿದೆ. ಸಾಮಾನ್ಯವಾಗಿ ಬ್ಯಾಂಕುಗಳು 18ರಿಂದ 20 ದಿನ ಕೊಡುತ್ತವೆ. ನಮ್ಮ ಉದಾಹರಣೆಯ ಕಾರ್ಡಿಗೆ 20 ದಿನ ಎಂದಿಟ್ಟುಕೊಂಡರೆ ಜುಲೈ 5ರ ಬಿಲ್ಲಿಗೆ ಡ್ಯೂ ಡೇಟ್ ಜುಲೈ 25.

ಬಡ್ಡಿರಹಿತ ಅವಧಿ ಹುಟ್ಟುವುದು ಈ ಎರಡರಿಂದಲೇ. ಖರೀದಿಯ ದಿನದಿಂದ ಡ್ಯೂ ಡೇಟ್‌ವರೆಗೆ ಎಷ್ಟು ದಿನವೋ ಅಷ್ಟೇ ಆ ಖರೀದಿಗೆ ಸಿಗುವ ಬಡ್ಡಿರಹಿತ ಅವಧಿ. ಜೂನ್ 6ರಂದು, ಸೈಕಲ್ಲಿನ ಮೊದಲ ದಿನವೇ ಕೊಂಡ ವಸ್ತುವಿಗೆ ಜುಲೈ 25ರವರೆಗೆ, ಅಂದರೆ ಸುಮಾರು 50 ದಿನ ಸಿಗುತ್ತದೆ. ಸೈಕಲ್ಲಿನ ಕೊನೆಯ ದಿನವಾದ ಜುಲೈ 5ರಂದು ಕೊಂಡ ವಸ್ತುವಿಗೆ ಸಿಗುವುದು 20 ದಿನ ಮಾತ್ರ. ‘50 ದಿನಗಳವರೆಗೆ ಬಡ್ಡಿ ಇಲ್ಲ’ ಎಂಬ ಜಾಹೀರಾತಿನಲ್ಲಿ ‘ವರೆಗೆ’ ಎಂಬ ಮಾತು ಬರುವುದು ಇದಕ್ಕಾಗಿ. ಪ್ರತಿ ಖರೀದಿಗೂ 50 ದಿನ ಎಂದು ಅದರ ಅರ್ಥವಲ್ಲ. ಸೈಕಲ್ಲಿನ ಆರಂಭದಲ್ಲಿ ಕೊಂಡದ್ದಕ್ಕೆ ಹೆಚ್ಚು ದಿನ, ಕೊನೆಯಲ್ಲಿ ಕೊಂಡದ್ದಕ್ಕೆ ಕಡಿಮೆ ದಿನ. ಹೀಗಾಗಿ ದೊಡ್ಡ ಮೊತ್ತದ ಖರೀದಿಯನ್ನು ಬಿಲ್ ತಯಾರಾದ ಮರುದಿನಕ್ಕೆ ಇಟ್ಟುಕೊಂಡರೆ ಪೂರ್ತಿ ಕಾಲಾವಕಾಶ ದಕ್ಕುತ್ತದೆ. ಒಂದೇ ದಿನ ಮುಂಚೆ ಕೊಂಡರೆ ಒಂದು ತಿಂಗಳು ಕೈತಪ್ಪುತ್ತದೆ.

ಈ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಂಗಡಿಯಲ್ಲಿ ಕಾರ್ಡ್ ಉಜ್ಜಿದ ದಿನವೇ ವ್ಯವಹಾರ ಖಾತೆಯಲ್ಲಿ ದಾಖಲಾಗುತ್ತದೆ ಎಂದೇನಿಲ್ಲ, ಒಂದೆರಡು ದಿನ ಹಿಡಿಯಬಹುದು. ಜುಲೈ 4ರ ಖರೀದಿ ಜುಲೈ 6ರಂದು ದಾಖಲಾದರೆ ಅದು ಮುಂದಿನ ಬಿಲ್ಲಿಗೆ ಜಾರುತ್ತದೆ. ಮಾಡಿದ ಖರ್ಚು ಬಿಲ್ಲಿನಲ್ಲಿ ಕಾಣದಿದ್ದಾಗ ಅದು ಬಿಟ್ಟುಹೋಯಿತೆಂದು ತಿಳಿಯಬಾರದು. ಮುಂದಿನ ತಿಂಗಳು ಅದು ಬಂದೇ ಬರುತ್ತದೆ.

ಬಡ್ಡಿರಹಿತ ಅವಧಿಗೆ ಒಂದು ಷರತ್ತು

ಬಡ್ಡಿರಹಿತ ಅವಧಿ ಖರೀದಿಯ ದಿನವೇ ಗ್ರಾಹಕರಿಗೆ ಖಾಯಂ ಆಗಿ ಸಿಕ್ಕಿಬಿಡುವುದಿಲ್ಲ. ಅದು ಷರತ್ತಿನ ಮೇಲೆ ಸಿಗುವ ಸೌಲಭ್ಯ. ಬಿಲ್ಲಿನ ಪೂರ್ತಿ ಬಾಕಿಯನ್ನು ಡ್ಯೂ ಡೇಟ್‌ನೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಮನ್ನಾ. ಹಿಂದಿನ ಬಿಲ್ಲಿನ ಬಾಕಿ ಸ್ವಲ್ಪ ಉಳಿದರೂ ಬಡ್ಡಿರಹಿತ ಅವಧಿ ರದ್ದಾಗುತ್ತದೆ. ಈ ಮಾತನ್ನು ಕಾರ್ಡಿನ ಮುಖ್ಯ ಷರತ್ತುಗಳ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿರಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ.

ರದ್ದಾದರೆ ಎರಡು ಪರಿಣಾಮಗಳಿವೆ. ಮೊದಲನೆಯದು, ಬಡ್ಡಿ ಡ್ಯೂ ಡೇಟ್‌ನಿಂದ ಶುರುವಾಗುವುದಿಲ್ಲ, ಹಿಂದಕ್ಕೆ ಹೋಗಿ ಖರೀದಿಯ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಎರಡನೆಯದು, ಬಾಕಿ ಉಳಿದಿರುವಷ್ಟು ಕಾಲ ಹೊಸ ಖರೀದಿಗಳಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಹೊಸದಾಗಿ ಕೊಂಡ ತರಕಾರಿ, ತುಂಬಿಸಿದ ಪೆಟ್ರೋಲ್ ಎಲ್ಲಕ್ಕೂ ಕೊಂಡ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ. ಬಿಲ್ ಕೈಗೆ ಬಂದಾಗ ಅಚ್ಚರಿಪಡುವವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದಿರುವುದು ಈ ಎರಡನೆಯ ಪರಿಣಾಮವೇ.

ಮಿನಿಮಮ್ ಡ್ಯೂ ಮಾಡುವ ಕೆಲಸ

ಮಿನಿಮಮ್ ಡ್ಯೂ ಕಟ್ಟಿದರೆ ಎರಡು ತೊಂದರೆಗಳಿಂದ ತಪ್ಪಿಸಿಕೊಳ್ಳಬಹುದು. ತಡಪಾವತಿ ಶುಲ್ಕ ಬೀಳುವುದಿಲ್ಲ, ಖಾತೆ ಸುಸ್ತಿಯಾಗಿದೆ ಎಂಬ ವರದಿ ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ಹೋಗುವುದಿಲ್ಲ. ಅದರ ಕೆಲಸ ಅಲ್ಲಿಗೆ ಮುಗಿಯಿತು. ಬಡ್ಡಿಯನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಮಿನಿಮಮ್ ಡ್ಯೂ ಮಾತ್ರ ಕಟ್ಟಿದವರು ನಿಯಮ ಮುರಿದಿಲ್ಲ, ಆದರೆ ಬಡ್ಡಿರಹಿತ ಅವಧಿಯನ್ನು ಬಿಟ್ಟುಕೊಟ್ಟಿದ್ದಾರೆ.

ಈ ಮೊತ್ತವನ್ನು ಲೆಕ್ಕ ಹಾಕುವ ಸೂತ್ರ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಬಹಳ ಕಾಲದಿಂದ ರೂಢಿಯಲ್ಲಿರುವುದು ಬಾಕಿಯ ಶೇಕಡಾ 5. ಇದಕ್ಕಿಂತ ಕಡಿಮೆ ಪ್ರಮಾಣ ಇಟ್ಟುಕೊಂಡ ಬ್ಯಾಂಕುಗಳೂ ಇವೆ. ಇದರ ಮೇಲೆ ಆ ತಿಂಗಳ ಕಂತು, ಶುಲ್ಕ, ತೆರಿಗೆಗಳು ಸೇರುತ್ತವೆ. ಕಾರ್ಡಿನಲ್ಲಿ ಕೊಂಡ ಫೋನನ್ನು ಇಎಂಐಗೆ ಬದಲಿಸಿಕೊಂಡಿದ್ದರೆ ಆ ತಿಂಗಳ ಕಂತು ಪೂರ್ತಿಯಾಗಿ ಮಿನಿಮಮ್ ಡ್ಯೂನೊಳಗೆ ಬಂದಿರುತ್ತದೆ. ಮಿನಿಮಮ್ ಡ್ಯೂ ಕಟ್ಟುತ್ತಿದ್ದರೂ ಸಾಲ ಕರಗುವ ಬದಲು ಬೆಳೆಯುತ್ತಾ ಹೋಗುವ ಸ್ಥಿತಿ ಬರಬಾರದು, ಆ ಮೊತ್ತವನ್ನು ಹಾಗೆ ನಿಗದಿಪಡಿಸಬೇಕು ಎಂಬುದು 2022ರ ನಿರ್ದೇಶನಗಳ ಇನ್ನೊಂದು ಅಂಶ.

ಒಂದು ಬಿಲ್ಲಿನ ಲೆಕ್ಕ

ಮೇಲೆ ಹೇಳಿದ ಕಾರ್ಡನ್ನೇ ತೆಗೆದುಕೊಳ್ಳೋಣ. ಬಿಲ್ ಜುಲೈ 5ಕ್ಕೆ, ಡ್ಯೂ ಡೇಟ್ ಜುಲೈ 25ಕ್ಕೆ. ಬಡ್ಡಿ ತಿಂಗಳಿಗೆ ಶೇಕಡಾ 3.5, ಅಂದರೆ ವರ್ಷಕ್ಕೆ ಶೇಕಡಾ 42. ಭಾರತದ ಅನೇಕ ಕಾರ್ಡುಗಳ ದರ ಇದರ ಆಸುಪಾಸಿನಲ್ಲಿದೆ. ಹಿಂದಿನ ಬಾಕಿ ಏನೂ ಇಲ್ಲ. ಕಾರ್ಡುದಾರರು ಜೂನ್ 10ರಂದು 30,000 ರೂಪಾಯಿಯ ಫ್ರಿಜ್, ಜೂನ್ 28ರಂದು 6,000 ರೂಪಾಯಿಯ ಬಟ್ಟೆ, ಜುಲೈ 4ರಂದು 4,000 ರೂಪಾಯಿಯ ದಿನಸಿ ಕೊಂಡಿದ್ದಾರೆ. ಬಿಲ್ ಮೊತ್ತ 40,000 ರೂಪಾಯಿ. ಶೇಕಡಾ 5ರ ಲೆಕ್ಕದಲ್ಲಿ ಮಿನಿಮಮ್ ಡ್ಯೂ 2,000 ರೂಪಾಯಿ. ಬಿಲ್ ಬಂದ ಮೇಲೆ ಜುಲೈ 15ರಂದು ಇನ್ನೂ 5,000 ರೂಪಾಯಿ ಖರ್ಚು ಮಾಡಿದ್ದಾರೆ. ಇದು ಆಗಸ್ಟ್ 5ರ ಬಿಲ್ಲಿಗೆ ಸೇರಬೇಕಾದದ್ದು.

ಜುಲೈ 25ರೊಳಗೆ 40,000 ರೂಪಾಯಿ ಪೂರ್ತಿ ಕಟ್ಟಿದರೆ ಬಡ್ಡಿ ಸೊನ್ನೆ. ಫ್ರಿಜ್ಜಿನ ಹಣವನ್ನು 45 ದಿನ ಬಡ್ಡಿಯಿಲ್ಲದೆ ಬಳಸಿದಂತಾಯಿತು. ಜುಲೈ 15ರ 5,000 ರೂಪಾಯಿಗೂ ಆಗಸ್ಟ್ 25ರವರೆಗೆ ಬಡ್ಡಿ ಇಲ್ಲ.

ಜುಲೈ 25ರಂದು 2,000 ರೂಪಾಯಿ ಮಾತ್ರ ಕಟ್ಟಿದರೆ ಲೆಕ್ಕ ಬೇರೆಯಾಗುತ್ತದೆ. ಆ 2,000 ಫ್ರಿಜ್ಜಿನ ಬಾಕಿಗೆ ಜಮೆಯಾಯಿತು, ಉಳಿದ 38,000ಕ್ಕೆ ಖರೀದಿಯ ದಿನದಿಂದ ಬಡ್ಡಿ ಬೀಳುತ್ತದೆ ಎಂದುಕೊಳ್ಳೋಣ. ಫ್ರಿಜ್ಜಿನ 28,000 ರೂಪಾಯಿಗೆ ಜೂನ್ 10ರಿಂದ ಆಗಸ್ಟ್ 5ರವರೆಗೆ 56 ದಿನಗಳ ಬಡ್ಡಿ ಸುಮಾರು 1,804 ರೂಪಾಯಿ. ಬಟ್ಟೆಯ 6,000ಕ್ಕೆ 38 ದಿನಗಳಿಗೆ 262. ದಿನಸಿಯ 4,000ಕ್ಕೆ 32 ದಿನಗಳಿಗೆ 147. ಬಡ್ಡಿರಹಿತ ಅವಧಿ ತಪ್ಪಿದ್ದರಿಂದ ಜುಲೈ 15ರ 5,000ಕ್ಕೂ 21 ದಿನಗಳ ಬಡ್ಡಿ 121. ಎಲ್ಲ ಸೇರಿ ಸುಮಾರು 2,335 ರೂಪಾಯಿ. ಕಾರ್ಡಿನ ಬಡ್ಡಿಗೆ ಶೇಕಡಾ 18ರ ಜಿಎಸ್‌ಟಿಯೂ ಇರುವುದರಿಂದ ಅದರ ಮೇಲೆ 420 ರೂಪಾಯಿ. ಒಟ್ಟು 2,755.

ಕಟ್ಟಿದ್ದು 2,000, ಮೇಲೆ ಬಿದ್ದದ್ದು 2,755. ಆಗಸ್ಟ್ 5ರ ಬಿಲ್ಲಿನಲ್ಲಿ ಬಾಕಿ 45,755 ರೂಪಾಯಿ ಎಂದು ಬರುತ್ತದೆ. ಮಿನಿಮಮ್ ಡ್ಯೂನಲ್ಲಿ ಬಡ್ಡಿ ಮತ್ತು ತೆರಿಗೆ ಪೂರ್ತಿಯಾಗಿ ಸೇರುವ ಸೂತ್ರವಿದ್ದರೆ ಈ ಸಲ ಕಟ್ಟಬೇಕಾದ ಕನಿಷ್ಠ ಮೊತ್ತ 43,000ದ ಶೇಕಡಾ 5 ಮತ್ತು ಆ 2,755 ಸೇರಿ 4,905 ರೂಪಾಯಿ. ಹೋದ ತಿಂಗಳು 2,000 ಇದ್ದ ಕನಿಷ್ಠ ಮೊತ್ತ ಒಂದೇ ತಿಂಗಳಲ್ಲಿ ಎರಡು ಪಟ್ಟಿಗೂ ಮೀರಿ ಬೆಳೆದಿದ್ದರೆ ಅದರ ಕಾರಣ ಇದು.

ಸಾವಿರ ರೂಪಾಯಿ ಕಡಿಮೆಯಾದರೆ

ಮೇಲಿನ ಲೆಕ್ಕದಲ್ಲಿ ಉಳಿದ ಬಾಕಿಗೆ ಮಾತ್ರ ಬಡ್ಡಿ ಹಾಕಲಾಗಿದೆ. ಕಾರ್ಡುಗಳಲ್ಲಿ ಕಂಡುಬಂದಿರುವ ಇನ್ನೊಂದು ಕ್ರಮದಲ್ಲಿ ಕಟ್ಟಿದ ಮೊತ್ತಕ್ಕೂ ಖರೀದಿಯ ದಿನದಿಂದ ಕಟ್ಟಿದ ದಿನದವರೆಗೆ ಬಡ್ಡಿ ಸೇರುತ್ತದೆ. ಮಿನಿಮಮ್ ಡ್ಯೂ ಮಾತ್ರ ಕಟ್ಟುವವರಿಗೆ ಈ ಎರಡು ಕ್ರಮಗಳ ನಡುವೆ ನೂರು ರೂಪಾಯಿ ಆಸುಪಾಸಿನ ವ್ಯತ್ಯಾಸ. ಆದರೆ ಬಹುಪಾಲು ಬಿಲ್ ಕಟ್ಟಿ ಸ್ವಲ್ಪ ಉಳಿಸಿಕೊಂಡವರಿಗೆ ವ್ಯತ್ಯಾಸ ದೊಡ್ಡದು. 40,000ದಲ್ಲಿ 39,000 ಕಟ್ಟಿ 1,000 ಉಳಿಸಿಕೊಂಡರೆ ಮೊದಲ ಕ್ರಮದಲ್ಲಿ ಆ ಬಿಲ್ಲಿನ ಮೇಲಿನ ಬಡ್ಡಿ 40 ರೂಪಾಯಿಯೊಳಗೆ ಮುಗಿಯುತ್ತದೆ. ಎರಡನೆಯ ಕ್ರಮದಲ್ಲಿ ಪೂರ್ತಿ 40,000ಕ್ಕೂ ಜುಲೈ 25ರವರೆಗೆ ಬಡ್ಡಿ ಬಂದು ಅದು ಸುಮಾರು 1,849 ರೂಪಾಯಿಯಾಗುತ್ತದೆ. ಸಾವಿರ ರೂಪಾಯಿ ಬಾಕಿಗೆ ಸಾವಿರದ ಎಂಟುನೂರು ಬಡ್ಡಿ ಹೇಗೆ ಬಂತು ಎಂಬ ಗ್ರಾಹಕರ ಪ್ರಶ್ನೆ ಹುಟ್ಟುವುದು ಇಲ್ಲಿಂದ. ಎರಡೂ ಕ್ರಮಗಳಲ್ಲಿ ಹೊಸ ಖರೀದಿಯ ಬಡ್ಡಿರಹಿತ ಅವಧಿ ಮಾತ್ರ ಹೋಗಿಯೇ ಹೋಗುತ್ತದೆ.

ತಮ್ಮ ಕಾರ್ಡಿಗೆ ಯಾವ ಕ್ರಮ ಅನ್ವಯಿಸುತ್ತದೆ ಎಂದು ತಿಳಿಯಲು ಕಾರ್ಡಿನ ಜೊತೆ ಬರುವ ಷರತ್ತುಗಳ ಪತ್ರದಲ್ಲಿ ಬಡ್ಡಿಯ ಉದಾಹರಣೆಯನ್ನು ನೋಡಬೇಕು. ಬ್ಯಾಂಕಿನ ಜಾಲತಾಣದಲ್ಲೂ ಅದು ಸಿಗುತ್ತದೆ. ದಿನಾಂಕ, ಮೊತ್ತಗಳ ಸಮೇತ ಅಲ್ಲಿ ಬಡ್ಡಿ ಹಾಕಿ ತೋರಿಸಿರುತ್ತಾರೆ. ಅದರಲ್ಲಿ ಭಾಗಶಃ ಪಾವತಿಗೆ ಮುಂಚಿನ ದಿನಗಳಿಗೆ ಯಾವ ಮೊತ್ತದ ಮೇಲೆ ಬಡ್ಡಿ ಹಾಕಿದ್ದಾರೆ ಎಂಬ ಒಂದು ಸಾಲನ್ನು ಗಮನಿಸಿದರೆ ಸಾಕು.

ಡ್ಯೂ ಡೇಟ್ ದಾಟಿದರೆ

ಮಿನಿಮಮ್ ಡ್ಯೂ ಕೂಡ ಕಟ್ಟದೆ ದಿನ ದಾಟಿದರೆ ಬಡ್ಡಿಯ ಜೊತೆಗೆ ತಡಪಾವತಿ ಶುಲ್ಕ ಬೀಳುತ್ತದೆ. ಇದಕ್ಕೆ ರಿಸರ್ವ್ ಬ್ಯಾಂಕ್ ಒಂದು ಸಣ್ಣ ರಕ್ಷಣೆ ಕೊಟ್ಟಿದೆ. ಡ್ಯೂ ಡೇಟ್ ಕಳೆದು ಮೂರು ದಿನ ಮೀರಿದ ಮೇಲಷ್ಟೇ ಈ ಶುಲ್ಕ ಹಾಕಬಹುದು, ಖಾತೆ ಸುಸ್ತಿಯಾಗಿದೆಯೆಂದು ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ತಿಳಿಸಬಹುದು. ಶುಲ್ಕವನ್ನು ಡ್ಯೂ ಡೇಟ್ ನಂತರ ಉಳಿದ ಬಾಕಿಯನ್ನು ಆಧರಿಸಿ ಹಾಕಬೇಕೇ ಹೊರತು ಮೂಲ ಬಿಲ್ ಮೊತ್ತವನ್ನು ಆಧರಿಸಿ ಅಲ್ಲ.

ಆದರೆ ಈ ಮೂರು ದಿನಗಳನ್ನು ಡ್ಯೂ ಡೇಟ್ ಮುಂದಕ್ಕೆ ಹೋಯಿತೆಂದು ಓದಿಕೊಳ್ಳಬಾರದು. ಮೂರು ದಿನ ಮೀರಿ ತಡವಾದರೆ ಸುಸ್ತಿಯ ದಿನಗಳ ಎಣಿಕೆ ಮೂಲ ಡ್ಯೂ ಡೇಟ್‌ನಿಂದಲೇ ಶುರುವಾಗುತ್ತದೆ. ಹಣ ಕಳಿಸಿದ ದಿನಕ್ಕಿಂತ ಅದು ಕಾರ್ಡ್ ಖಾತೆಗೆ ಜಮೆಯಾದ ದಿನ ಮುಖ್ಯ. ಬೇರೆ ಬ್ಯಾಂಕಿನಿಂದಲೋ ಪಾವತಿ ಆ್ಯಪ್‌ಗಳ ಮೂಲಕವೋ ಕಟ್ಟುವವರು ಎರಡು ಮೂರು ದಿನ ಮೊದಲೇ ಕಟ್ಟಿ, ಜಮೆಯಾದ ಸಂದೇಶ ಬಂದಿದೆಯೇ ನೋಡಿಕೊಳ್ಳುವುದು ಕ್ಷೇಮ.

ಆಟೋ ಡೆಬಿಟ್ ಮಾಡಿಸಿದವರಿಗೆ ಇನ್ನೊಂದು ಅಪಾಯವಿದೆ. ಅರ್ಜಿ ತುಂಬುವಾಗ ಪೂರ್ತಿ ಬಾಕಿ ಕಡಿತವಾಗಬೇಕೋ ಮಿನಿಮಮ್ ಡ್ಯೂ ಮಾತ್ರವೋ ಎಂಬ ಆಯ್ಕೆ ಇರುತ್ತದೆ. ಎರಡನೆಯದಕ್ಕೆ ಗುರುತು ಹಾಕಿದ್ದರೆ ಪ್ರತಿ ತಿಂಗಳೂ ಹಣ ತಪ್ಪದೆ ಕಡಿತವಾಗುತ್ತದೆ, ತಡಪಾವತಿ ಶುಲ್ಕವೂ ಬೀಳುವುದಿಲ್ಲ, ಎಲ್ಲ ಸರಿಯಾಗಿದೆ ಎನಿಸುತ್ತದೆ. ಒಳಗೆ ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಬಿಲ್ಲಿನಲ್ಲಿ ಫೈನಾನ್ಸ್ ಚಾರ್ಜಸ್ ಎಂಬ ಸಾಲೊಂದು ಕಂಡರೆ ಬಡ್ಡಿರಹಿತ ಅವಧಿ ತಪ್ಪಿದೆ ಎಂದು ತಿಳಿಯಬೇಕು.

ಬಡ್ಡಿರಹಿತ ಅವಧಿಯೇ ಇಲ್ಲದ ವ್ಯವಹಾರ

ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರೆ ಇದುವರೆಗೆ ಹೇಳಿದ ಯಾವ ರಿಯಾಯಿತಿಯೂ ಇಲ್ಲ. ಹಣ ತೆಗೆದ ದಿನದಿಂದಲೇ ಬಡ್ಡಿ ಶುರು, ಜೊತೆಗೆ ನಗದು ಶುಲ್ಕ ಬೇರೆ. ಬಿಲ್ಲನ್ನು ಡ್ಯೂ ಡೇಟ್‌ನೊಳಗೆ ಪೂರ್ತಿ ಕಟ್ಟಿದರೂ ಆ ಬಡ್ಡಿ ತಪ್ಪುವುದಿಲ್ಲ. ಪೂರ್ತಿ ಬಾಕಿ ಕಟ್ಟುತ್ತಿದ್ದರೂ ಫೈನಾನ್ಸ್ ಚಾರ್ಜಸ್ ಕಂಡರೆ ಮೊದಲು ಹುಡುಕಬೇಕಾದ್ದು ಆ ತಿಂಗಳಲ್ಲಿ ನಗದು ತೆಗೆಯಲಾಗಿತ್ತೇ ಎಂಬುದನ್ನು.

ಮಿನಿಮಮ್ ಡ್ಯೂನಲ್ಲೇ ಮುಂದುವರಿದರೆ

ಕಾರ್ಡನ್ನು ಮತ್ತೆ ಬಳಸದೆ 38,000 ರೂಪಾಯಿ ಬಾಕಿಯನ್ನು ಮಿನಿಮಮ್ ಡ್ಯೂ ಕಟ್ಟುತ್ತಲೇ ತೀರಿಸುತ್ತೇವೆ ಎಂದು ಹೊರಟರೆ ಎಷ್ಟು ಕಾಲ ಬೇಕು? ಪ್ರತಿ ತಿಂಗಳ ಬಡ್ಡಿ, ತೆರಿಗೆಗಳ ಜೊತೆ ಅಸಲಿನ ಶೇಕಡಾ 5 ಕಟ್ಟುತ್ತಾ ಹೋದರೆ ಅಸಲು ಅರ್ಧಕ್ಕೆ ಇಳಿಯಲು ಸುಮಾರು 14 ತಿಂಗಳು ಹಿಡಿಯುತ್ತದೆ. ಆ 14 ತಿಂಗಳಲ್ಲಿ ಅಸಲಿಗೆ ಹೋಗುವುದು ಸುಮಾರು 19,500 ರೂಪಾಯಿ, ಬಡ್ಡಿಗೂ ಅದರ ತೆರಿಗೆಗೂ ಹೋಗುವುದು ಸುಮಾರು 16,000 ರೂಪಾಯಿ. ಅಸಲಿನ ಪಾಲು ಶೇಕಡಾ 2 ಇರುವ ಸೂತ್ರವಾದರೆ ಅರ್ಧಕ್ಕೆ ಇಳಿಯಲು ಸುಮಾರು 34 ತಿಂಗಳು ಬೇಕು. ತಿಂಗಳ ಕಂತು ಹಗುರವಾದಷ್ಟೂ ಸಾಲದ ಕಾಲ ಉದ್ದವಾಗುತ್ತದೆ. ಕನಿಷ್ಠ ಮೊತ್ತವನ್ನೇ ಕಟ್ಟುತ್ತಾ ಹೋದರೆ ಮರುಪಾವತಿ ತಿಂಗಳು, ವರ್ಷಗಟ್ಟಲೆ ಎಳೆಯುತ್ತದೆ, ಬಡ್ಡಿ ಬೆಳೆಯುತ್ತದೆ ಎಂಬ ಎಚ್ಚರಿಕೆಯನ್ನು ಪ್ರತಿ ಬಿಲ್ಲಿನಲ್ಲೂ ಮುದ್ರಿಸಬೇಕೆಂಬ ನಿಯಮ ಇರುವುದು ಈ ಕಾರಣಕ್ಕೆ.

ದರಕ್ಕೆ ಕಾನೂನಿನ ಮೇಲ್ಮಿತಿ ಇದೆ ಎಂದು ನಂಬಿ ಕೂರುವಂತೆಯೂ ಇಲ್ಲ. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇಕಡಾ 30 ಮೀರಬಾರದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪು ಕೊಟ್ಟಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಅದನ್ನು ರದ್ದುಪಡಿಸಿತು.

ಬಡ್ಡಿರಹಿತ ಅವಧಿಗೆ ಮರಳುವುದು ಹೇಗೆ

ತಪ್ಪಿದ ಬಡ್ಡಿರಹಿತ ಅವಧಿಯನ್ನು ಮರಳಿ ಪಡೆಯಲು ಇರುವ ದಾರಿ ಪೂರ್ತಿ ಬಾಕಿ ಕಟ್ಟುವುದು. ಆದರೆ ಕಟ್ಟಿದ ಮೇಲೂ ಒಂದು ಬಿಲ್ಲಿನಲ್ಲಿ ಬಡ್ಡಿ ಕಾಣಿಸಿಕೊಳ್ಳುತ್ತದೆ. ನಮ್ಮ ಉದಾಹರಣೆಯ ಕಾರ್ಡುದಾರರು ಆಗಸ್ಟ್ 5ರ ಬಿಲ್ಲಿನ 45,755 ರೂಪಾಯಿಯನ್ನು ಆಗಸ್ಟ್ 25ರಂದು ಪೂರ್ತಿ ಕಟ್ಟಿದರು ಎನ್ನೋಣ. ಬಿಲ್ಲಿನಲ್ಲಿದ್ದ ಬಡ್ಡಿ ಆಗಸ್ಟ್ 5ರವರೆಗಿನದು ಮಾತ್ರ. ಅಲ್ಲಿಂದ 25ರವರೆಗಿನ 20 ದಿನಗಳಿಗೆ 43,000ದ ಮೇಲೆ ಸುಮಾರು 990 ರೂಪಾಯಿ ಬಡ್ಡಿ, 178 ರೂಪಾಯಿ ಜಿಎಸ್‌ಟಿ ಸೇರಿ 1,168 ರೂಪಾಯಿ ಸೆಪ್ಟೆಂಬರ್ 5ರ ಬಿಲ್ಲಿನಲ್ಲಿ ಬರುತ್ತದೆ. ಇದು ಬ್ಯಾಂಕಿನ ತಪ್ಪಲ್ಲ, ಹಿಂದಿನ ಲೆಕ್ಕದ ಬಾಲ. ಪೂರ್ತಿ ಕಟ್ಟಿದ್ದೇವಲ್ಲ ಎಂದು ಇದನ್ನು ಅಲಕ್ಷಿಸಿದರೆ ಸಣ್ಣ ಬಾಕಿಯೇ ಮತ್ತೆ ಬಡ್ಡಿರಹಿತ ಅವಧಿಯನ್ನು ನುಂಗುತ್ತದೆ.

ಇಲ್ಲಿ ಡ್ಯೂ ಡೇಟ್‌ವರೆಗೆ ಕಾಯುವುದರಿಂದ ಲಾಭವೂ ಇಲ್ಲ. ಬಡ್ಡಿರಹಿತ ಅವಧಿ ಇದ್ದಾಗ ಕೊನೆಯ ದಿನ ಕಟ್ಟಿದರೂ ನಷ್ಟವಿಲ್ಲ. ಅದು ತಪ್ಪಿದ ಮೇಲೆ ಬಡ್ಡಿ ದಿನದ ಲೆಕ್ಕದಲ್ಲಿ ಓಡುತ್ತದೆ. 38,000 ರೂಪಾಯಿ ಬಾಕಿಗೆ ತೆರಿಗೆ ಸೇರಿ ದಿನಕ್ಕೆ ಸುಮಾರು 52 ರೂಪಾಯಿ. ಕೈಗೆ ಹಣ ಬಂದ ದಿನವೇ ಸಾಧ್ಯವಾದಷ್ಟನ್ನು ಕಟ್ಟಿದರೆ ಅಷ್ಟು ದಿನಗಳ ಬಡ್ಡಿ ಉಳಿಯುತ್ತದೆ. ಬಾಕಿ ತೀರುವವರೆಗೆ ಆ ಕಾರ್ಡಿನಲ್ಲಿ ಹೊಸ ಖರೀದಿ ನಿಲ್ಲಿಸುವುದೂ ಅಷ್ಟೇ ಅಗತ್ಯ.

ಪೂರ್ತಿ ಕಟ್ಟುವ ಮನಸ್ಸಿದ್ದರೂ ದಿನಾಂಕಗಳೇ ಅಡ್ಡ ಬರುವುದುಂಟು. ಸಂಬಳ ತಿಂಗಳ ಮೊದಲ ದಿನ ಬಂದು, ಡ್ಯೂ ಡೇಟ್ 25ಕ್ಕಿದ್ದರೆ ಆ ವೇಳೆಗೆ ಖಾತೆ ಖಾಲಿಯಾಗಿರುತ್ತದೆ. ಇದಕ್ಕೆ ನಿಯಮದಲ್ಲೇ ಪರಿಹಾರವಿದೆ. ಬಿಲ್ಲಿಂಗ್ ಸೈಕಲ್ಲನ್ನು ಕನಿಷ್ಠ ಒಂದು ಸಲ ಬದಲಿಸಿಕೊಳ್ಳುವ ಅವಕಾಶವನ್ನು ಕಾರ್ಡುದಾರರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2024ರ ಮಾರ್ಚ್‌ನಲ್ಲಿ ಸೂಚಿಸಿದೆ. ಬಿಲ್ 15ಕ್ಕೆ ತಯಾರಾಗುವಂತೆ ಬದಲಿಸಿಕೊಂಡರೆ ಡ್ಯೂ ಡೇಟ್ ಮುಂದಿನ ತಿಂಗಳ 4 ಅಥವಾ 5ಕ್ಕೆ ಬೀಳುತ್ತದೆ. ಸಂಬಳ ಕೈಯಲ್ಲಿರುವಾಗಲೇ ಪೂರ್ತಿ ಬಾಕಿ ತೀರುತ್ತದೆ, ಬಡ್ಡಿರಹಿತ ಅವಧಿಯೂ ಉಳಿಯುತ್ತದೆ.